ಮದುವೆಯ ನಂತರ ಬ್ಯಾಂಕಿನಲ್ಲಿ ಅಡ್ಡಹೆಸರು ಬದಲಾವಣೆ: ಹಳೆಯ ಹೆಸರಿನ ಠೇವಣಿಗಳನ್ನು ಏನು ಮಾಡಬೇಕು?

ಶಾಲ್ಮಲೆ

ಎಲ್ಲರಿಗೂ ನಮಸ್ಕಾರ. ನನ್ನ ತವರು ಶಿರಸಿ ಕಡೆ, ಕೆಲಸ ಬೆಂಗಳೂರಿನಲ್ಲಿ. ಈ ವರ್ಷ ಮದುವೆಯಾಯಿತು. ನಮ್ಮ ಕಡೆಯ ರೂಢಿಯಂತೆ ನನ್ನ ಹೆಸರಿನ ನಡುವೆ ಅಪ್ಪನ ಹೆಸರು, ಕೊನೆಯಲ್ಲಿ ಭಟ್ ಎಂದು ಇದೆ. ಈಗ ನಡುವಿನ ಹೆಸರನ್ನು ಕೈಬಿಟ್ಟು ಕೊನೆಗೆ ಹೆಗಡೆ ಎಂದು ಇಟ್ಟುಕೊಳ್ಳಬೇಕೆಂದಿದ್ದೇನೆ. ಆಧಾರ್, ಪ್ಯಾನ್ ಎರಡೂ ಹಳೆಯ ಹೆಸರಿನಲ್ಲೇ ಇವೆ. ಉಪನೋಂದಣಿ ಕಚೇರಿಯ ವಿವಾಹ ನೋಂದಣಿ ಪ್ರಮಾಣಪತ್ರ ಕೈಯಲ್ಲಿದೆ.

ಬೆಂಗಳೂರಿನ ಶಾಖೆಯಲ್ಲಿ ಸಂಬಳದ ಖಾತೆ ಇದೆ, ಅದರ ಜೊತೆಗೊಂದು ಆರ್‌ಡಿ. ಅದೇ ಬ್ಯಾಂಕಿನ ಶಿರಸಿ ಶಾಖೆಯಲ್ಲಿ ಅಪ್ಪ ಮತ್ತು ನಾನು ಜಂಟಿಯಾಗಿ ಇಟ್ಟ 3 ಲಕ್ಷದ ಎಫ್‌ಡಿ ಇದೆ. ಅಪ್ಪನ ಹೆಸರು ಮೊದಲು, ನನ್ನದು ಎರಡನೆಯದು. ಅದರ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಇದಲ್ಲದೆ ನಾನು ಚಿಕ್ಕವಳಿದ್ದಾಗ ಅಜ್ಜಿ ನನ್ನ ಹೆಸರಿನಲ್ಲಿ ಇಟ್ಟ 25,000 ರೂಪಾಯಿಯ ಠೇವಣಿಯ ರಸೀದಿ ಅಮ್ಮನ ಕಪಾಟಿನಲ್ಲಿ ಸಿಕ್ಕಿತು. ಅದರಲ್ಲಿ ನನ್ನ ಹೆಸರಿನ ಹಿಂದೆ ‘ಕುಮಾರಿ’, ಮುಂದೆ ಬರಿಯ ಇನಿಷಿಯಲ್ ಇದೆ. ಊರಿನ ಸಹಕಾರ ಸಂಘದಲ್ಲಿ ಒಂದು ಸಣ್ಣ ಠೇವಣಿಯೂ ಇದೆ.

ಬೆಂಗಳೂರಿನ ಶಾಖೆಯಲ್ಲಿ ವಿಚಾರಿಸಿದೆ. ವಿವಾಹ ಪ್ರಮಾಣಪತ್ರದಲ್ಲಿ ನಿಮ್ಮ ಹೊಸ ಹೆಸರು ಎಲ್ಲಿಯೂ ಇಲ್ಲ, ಹೊಸ ಹೆಸರಿನ ಆಧಾರ್ ತನ್ನಿ ಎಂದರು. ಯಾವುದನ್ನು ಮೊದಲು ಮಾಡಿಸಬೇಕು? ಈ ನಡುವೆ ಎಫ್‌ಡಿ ಅವಧಿ ಮುಗಿದರೆ ತೊಂದರೆ ಆಗುತ್ತದೆಯೇ?

ಗಣಕಗಿರಿ

ಇದು ತುಂಬಾ ಸುಲಭ. ಆಧಾರ್‌ನಲ್ಲಿ ಹೆಸರು ಬದಲಿಸಿಬಿಡಿ, ಬ್ಯಾಂಕು ಆಧಾರ್‌ಗೆ ಜೋಡಣೆಯಾಗಿರುವುದರಿಂದ ಉಳಿದದ್ದೆಲ್ಲ ತಾನಾಗಿಯೇ ಬದಲಾಗುತ್ತದೆ. ನನ್ನ ಹೆಂಡತಿಯ ಖಾತೆಯಲ್ಲಿ ಮೊಬೈಲ್ ಆ್ಯಪ್‌ನಲ್ಲೇ ಕೆವೈಸಿ ಮಾಡಿದೆವು, ಶಾಖೆಗೆ ಹೋಗಲೇ ಇಲ್ಲ. ಹಳೆಯ ಎಫ್‌ಡಿಗಳ ಹೆಸರು ತಿದ್ದಿಸುತ್ತಾ ಕೂರುವ ಬದಲು ಅವನ್ನು ಮುರಿದು ಹೊಸ ಹೆಸರಿನಲ್ಲಿ ಮತ್ತೆ ಇಡಿ. ಕೆಲಸ ಬೇಗ ಮುಗಿಯುತ್ತದೆ.

ಲತಾ ಹೊಸಪೇಟೆ

ನಮ್ಮ ಅತ್ತೆಯವರಿಗೂ ಇದೇ ಸಮಸ್ಯೆ. ಗೃಹಲಕ್ಷ್ಮಿಯ 2,000 ರೂಪಾಯಿ ಅವರಿಗೆ ಬರುವುದು ನಿಂತಿದೆ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು. ಬ್ಯಾಂಕಿನಲ್ಲಿ ಹೆಸರು ಬದಲಿಸಿದರೆ ಹಣ ಬರುತ್ತದೆಯೇ? ಅವರ ಮದುವೆಯಾಗಿ ಎಷ್ಟೋ ವರ್ಷವಾಯಿತು, ಯಾವ ಪ್ರಮಾಣಪತ್ರವೂ ಇಲ್ಲ.

ಹಳೆಯ ಕೌಂಟರ್

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಶಾಖಾ ವ್ಯವಸ್ಥಾಪಕನಾಗಿ ನಿವೃತ್ತನಾದವನು ನಾನು. ಶಾಲ್ಮಲೆ ಅವರ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಗಣಕಗಿರಿಯವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆಧಾರ್‌ನಲ್ಲಿ ಹೆಸರು ಬದಲಾದರೆ ಬ್ಯಾಂಕಿಗೆ ಆ ಸುದ್ದಿ ತಾನಾಗಿ ಹೋಗುವುದಿಲ್ಲ. ನೀವಾಗಿ ಕೆವೈಸಿ ನವೀಕರಿಸಿದಾಗ ಮಾತ್ರ ಬ್ಯಾಂಕು ಹೊಸ ಹೆಸರನ್ನು ಕಾಣುತ್ತದೆ. ಹೆಸರು ಬದಲಾಗಿದ್ದರೆ ಎಷ್ಟೋ ಬ್ಯಾಂಕುಗಳ ಆ್ಯಪ್ ಅಲ್ಲಿಗೇ ನಿಲ್ಲಿಸಿ ಶಾಖೆಗೆ ಬನ್ನಿ ಎನ್ನುತ್ತದೆ. ನಿಮ್ಮ ಮನೆಯವರಿಗೆ ಆ್ಯಪ್‌ನಲ್ಲೇ ಆಗಿದ್ದರೆ ಒಳ್ಳೆಯದಾಯಿತು, ಆದರೆ ಎಲ್ಲರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಬ್ಯಾಂಕಿನ ಗಣಕದಲ್ಲಿ ಹೆಸರು ಇರುವುದು ಖಾತೆಯ ಮೇಲಲ್ಲ, ಗ್ರಾಹಕ ಸಂಖ್ಯೆಯ ಮೇಲೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆ ಸಂಖ್ಯೆಯ ಹತ್ತಿರವೇ ಸಿಐಎಫ್ ಅಥವಾ ಕಸ್ಟಮರ್ ಐಡಿ ಎಂದು ಅದನ್ನು ಮುದ್ರಿಸಿರುತ್ತಾರೆ. ಆ ಒಂದು ಸಂಖ್ಯೆಯ ಹೆಸರು ಬದಲಿಸಿದರೆ ಅದರ ಕೆಳಗಿರುವ ಉಳಿತಾಯ ಖಾತೆ, ಆರ್‌ಡಿ, ಎಫ್‌ಡಿ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಒಂದೊಂದು ಠೇವಣಿಗೂ ಬೇರೆ ಬೇರೆ ಅರ್ಜಿ ಬೇಕಾಗುವುದಿಲ್ಲ.

ತೊಡಕಿರುವುದು ಒಬ್ಬರಿಗೇ ಎರಡು ಮೂರು ಗ್ರಾಹಕ ಸಂಖ್ಯೆ ಇದ್ದಾಗ. ಒಬ್ಬರಿಗೆ ಒಂದೇ ಸಂಖ್ಯೆ ಇರಬೇಕೆಂದು ರಿಸರ್ವ್ ಬ್ಯಾಂಕು ಹೇಳಿ ವರ್ಷಗಳೇ ಆದವು. ಆದರೂ ಹಳೆಯ ದಾಖಲೆಗಳಲ್ಲಿ, ಅದರಲ್ಲೂ ಬಾಲ್ಯದಲ್ಲಿ ತೆರೆದ ಖಾತೆ ಮತ್ತು ಠೇವಣಿಗಳಲ್ಲಿ, ಬೇರೆ ಸಂಖ್ಯೆ ಉಳಿದುಕೊಂಡಿರುತ್ತದೆ. ಆಗ ಪ್ಯಾನ್ ಇರಲಿಲ್ಲ, ಆಧಾರ್ ಇರಲಿಲ್ಲ, ಹೆಸರನ್ನು ಇನಿಷಿಯಲ್ ಹಾಕಿ ಬರೆದಿದ್ದರು. ಹಾಗಾಗಿ ಇಬ್ಬರೂ ಒಬ್ಬರೇ ಎಂದು ಗಣಕಕ್ಕೆ ತಿಳಿಯುವುದಿಲ್ಲ. ನಿಮ್ಮ ಅಜ್ಜಿ ಇಟ್ಟ ಠೇವಣಿ ಬಹುತೇಕ ಇಂಥದ್ದೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ನಿಮ್ಮ ಮೊಬೈಲ್ ಬ್ಯಾಂಕಿಂಗ್ ತೆರೆದು ಠೇವಣಿಗಳ ಪಟ್ಟಿ ನೋಡಿ. ಆರ್‌ಡಿ ಕಾಣಿಸಿ, ಶಿರಸಿಯ ಜಂಟಿ ಎಫ್‌ಡಿಯಾಗಲಿ ಅಜ್ಜಿಯ ಠೇವಣಿಯಾಗಲಿ ಕಾಣಿಸದಿದ್ದರೆ ಅದು ಬೇರೆ ಸಂಖ್ಯೆಯ ಕೆಳಗಿರುವ ಸಾಧ್ಯತೆ ಹೆಚ್ಚು. ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಎರಡನೆಯ ಹೆಸರಿನವರಿಗೆ ಜಂಟಿ ಠೇವಣಿ ಕಾಣುವುದಿಲ್ಲ. ಆದ್ದರಿಂದ ರಸೀದಿಯಲ್ಲಿರುವ ಗ್ರಾಹಕ ಸಂಖ್ಯೆಯನ್ನೂ ಪಾಸ್‌ಬುಕ್ಕಿನದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಜಂಟಿ ರಸೀದಿಯಲ್ಲಿ ಮುದ್ರಿತವಾಗಿರುವುದು ನಿಮ್ಮ ತಂದೆಯವರ ಸಂಖ್ಯೆ ಇರಬಹುದು, ನಿಮ್ಮದು ಯಾವುದೆಂದು ಶಾಖೆಯಲ್ಲೇ ಕೇಳಬೇಕಾದೀತು.

ಎಫ್‌ಡಿ ಮುರಿಯುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅವಧಿಗೆ ಮುನ್ನ ಮುರಿದರೆ ಠೇವಣಿ ಇದ್ದಷ್ಟು ಕಾಲಕ್ಕೆ ಅನ್ವಯಿಸುವ ಬಡ್ಡಿ ಮಾತ್ರ ಸಿಗುತ್ತದೆ, ಸಾಮಾನ್ಯವಾಗಿ ಅದರಲ್ಲೂ ಅರ್ಧದಿಂದ ಒಂದು ಶೇಕಡ ಕಡಿತವಾಗುತ್ತದೆ. ಬರಿಯ ಹೆಸರಿಗಾಗಿ ಆ ನಷ್ಟ ಏಕೆ?

ಶಾಲ್ಮಲೆ

ಸರ್, ತುಂಬಾ ಧನ್ಯವಾದ. ನೋಡಿದೆ. ಆ್ಯಪ್‌ನಲ್ಲಿ ಆರ್‌ಡಿ ಮಾತ್ರ ಕಾಣುತ್ತಿದೆ. ಅಜ್ಜಿಯ ರಸೀದಿಯ ಸಂಖ್ಯೆ ಬೇರೆಯೇ ಇದೆ. ಜಂಟಿ ರಸೀದಿಯಲ್ಲಿ ಅಪ್ಪನ ಸಂಖ್ಯೆ ಮಾತ್ರ ಇದೆ.

ಆದರೆ ನನ್ನ ಮೊದಲ ತೊಡಕು ಹಾಗೆಯೇ ಉಳಿಯಿತು. ಪ್ರಮಾಣಪತ್ರದಲ್ಲಿ ಹೊಸ ಹೆಸರೇ ಇಲ್ಲ ಎನ್ನುತ್ತಾರಲ್ಲ, ಅದಕ್ಕೇನು ಮಾಡಲಿ?

ಹಳೆಯ ಕೌಂಟರ್

ತಂಗಿ, ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲಿ ಇದರ ಬಗ್ಗೆ ನೇರವಾದ ಮಾತಿದೆ. ಗುರುತಿನ ದಾಖಲೆ ಕೊಟ್ಟ ನಂತರ ಹೆಸರು ಬದಲಾಗಿದ್ದರೂ ರಾಜ್ಯ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಅಥವಾ ರಾಜ್ಯಪತ್ರದ ಪ್ರಕಟಣೆ ಜೊತೆಗಿದ್ದರೆ ಹಳೆಯ ಹೆಸರಿನ ಆ ದಾಖಲೆಯನ್ನೇ ಮಾನ್ಯ ಮಾಡಬೇಕು. ಎಂದರೆ ಹಳೆಯ ಹೆಸರಿನ ಪಾಸ್‌ಪೋರ್ಟು ಅಥವಾ ಆಧಾರ್ ಮತ್ತು ವಿವಾಹ ಪ್ರಮಾಣಪತ್ರ ಇಟ್ಟುಕೊಂಡೇ ಬ್ಯಾಂಕಿನಲ್ಲಿ ಹೆಸರು ಬದಲಿಸಲು ದಾರಿ ಇದೆ.

ಆದರೆ ಅದೇ ವಾಕ್ಯದ ಕೊನೆಯಲ್ಲಿ, ಆ ಪ್ರಮಾಣಪತ್ರ ಹೆಸರಿನ ಬದಲಾವಣೆಯನ್ನು ಸೂಚಿಸುವಂತಿರಬೇಕು ಎಂಬ ಮಾತೂ ಇದೆ. ನಿಮ್ಮ ಪ್ರಮಾಣಪತ್ರದಲ್ಲಿ ವಧುವಿನ ಹೆಸರು ಮದುವೆಗೆ ಮುಂಚೆ ಇದ್ದಂತೆ ಮಾತ್ರ ಇದೆ. ನಿಮ್ಮ ಶಾಖೆಯವರು ಹಿಡಿದಿರುವುದು ಇದನ್ನೇ. ನಾನು ಕೌಂಟರಿನಲ್ಲಿದ್ದಾಗ ಗಂಡನ ಪೂರ್ತಿ ಹೆಸರು ಪ್ರಮಾಣಪತ್ರದಲ್ಲಿದ್ದು, ಹೊಸ ಅಡ್ಡಹೆಸರು ಅದಕ್ಕೆ ಹೊಂದಿದರೆ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ಟನ್ನು ಜೊತೆಗೆ ಪಡೆದು ಒಪ್ಪಿಕೊಳ್ಳುತ್ತಿದ್ದೆ. ಎಲ್ಲರೂ ಒಪ್ಪುವುದಿಲ್ಲ. ವಾದ ಮಾಡುವ ಹಕ್ಕು ನಿಮಗಿದೆ, ಆದರೆ ಆಧಾರ್ ಬದಲಿಸಿಕೊಂಡು ಹೋದರೆ ವಾದವೇ ಬೇಕಾಗುವುದಿಲ್ಲ.

ಗಣಕಗಿರಿ

ಹಾಗಾದರೆ ನಾನು ಹೇಳಿದಂತೆ ಆಧಾರ್ ಮೊದಲು ಎನ್ನುವುದು ಸರಿಯೇ ಆಯಿತಲ್ಲವೇ ಸರ್? ಠೇವಣಿ ಮುರಿಯುವ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಹಳೆಯ ಕೌಂಟರ್

ಆ ಕ್ರಮ ಸರಿ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದು ಎನ್ನುವುದು ನೆನಪಿರಲಿ. ಇನಿಷಿಯಲ್ ಬಿಡಿಸಿ ಬರೆದದ್ದೂ, ಒಂದು ಅಕ್ಷರ ತಿದ್ದಿದ್ದೂ ಆ ಲೆಕ್ಕಕ್ಕೇ ಸೇರುತ್ತವೆ. ಹೆಗಡೆ ಎನ್ನುವುದನ್ನು ಕೆಲವರು `HEGDE` ಎಂದೂ ಕೆಲವರು `HEGADE` ಎಂದೂ ಬರೆಯುತ್ತಾರೆ. ಅರ್ಜಿ ಕೊಡುವ ಮುನ್ನ ನಿಮ್ಮ ಯಜಮಾನರ ಪ್ಯಾನ್ ಮತ್ತು ಪಾಸ್‌ಪೋರ್ಟಿನಲ್ಲಿ ಹೇಗಿದೆ ನೋಡಿ, ನೀವು ಯಾವುದನ್ನು ಬಳಸುತ್ತೀರಿ ಎಂದು ತೀರ್ಮಾನಿಸಿ. ಆಧಾರ್ ಕೇಂದ್ರದಲ್ಲಿ ಕೊಡುವ ಸ್ವೀಕೃತಿ ಚೀಟಿಗೆ ಸಹಿ ಹಾಕುವ ಮುನ್ನ ಕನ್ನಡದ ಸಾಲನ್ನೂ ಇಂಗ್ಲಿಷಿನ ಸಾಲನ್ನೂ ಓದಿ. ಅಲ್ಲಿ ತಪ್ಪಿದ ಒಂದು ಅಕ್ಷರ ಪ್ಯಾನ್‌ಗೂ ಬ್ಯಾಂಕಿಗೂ ಹರಿಯುತ್ತದೆ.

ಇನ್ನೊಂದು ಮಾತು. ಆಧಾರ್ ವಿಳಾಸದ ಸಾಲಿನಲ್ಲಿ ಗಂಡನ ಹೆಸರು ಬಂದ ಮಾತ್ರಕ್ಕೆ ನಿಮ್ಮ ಹೆಸರು ಬದಲಾದಂತಲ್ಲ. ಅದು ವಿಳಾಸದ ಭಾಗ. ಎಷ್ಟೋ ಹೆಣ್ಣುಮಕ್ಕಳು ಅದನ್ನು ತೋರಿಸಿ ಹೆಸರು ಬದಲಾಗಿದೆ ಎನ್ನುತ್ತಿದ್ದರು.

ಹೆಸರು ನನ್ನದೇ

ಒಂದು ಮಾತು ಹೇಳಲೇಬೇಕು. ಮದುವೆಯಾದ ಮೇಲೆ ಹೆಸರು ಬದಲಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಾನು ಬದಲಿಸಲಿಲ್ಲ. ಗಂಡನ ಜೊತೆ ಜಂಟಿ ಖಾತೆ ತೆರೆದೆವು, ಮನೆ ಸಾಲ ಪಡೆದೆವು, ಎಲ್ಲಿಯೂ ಅಡ್ಡಿಯಾಗಲಿಲ್ಲ. ಬ್ಯಾಂಕಿನಲ್ಲಿ ವೈವಾಹಿಕ ಸ್ಥಿತಿ ಮತ್ತು ಗಂಡನ ಹೆಸರನ್ನು ಮಾತ್ರ ಸೇರಿಸಿದೆ. ಮದುವೆಯ ಸಡಗರದಲ್ಲಿ ಯಾರೋ ಹೇಳಿದರೆಂದು ಬದಲಿಸುವವರು ಮುಂದೆ ಪದವಿ ಪತ್ರ, ಪಿಎಫ್, ವಿಮೆ ಎಂದು ಎಷ್ಟು ಕಡೆ ವಿವರಣೆ ಕೊಡಬೇಕಾಗುತ್ತದೆ ಎಂಬುದನ್ನು ಯೋಚಿಸಿರುವುದಿಲ್ಲ. ಶಾಲ್ಮಲೆ, ನಿಮಗೆ ನಿಜವಾಗಿ ಬೇಕೆನಿಸಿದರೆ ಮಾತ್ರ ಮಾಡಿ.

ಶಾಲ್ಮಲೆ

ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ. ಮನೆಯಲ್ಲಿ ಯಾರೂ ಒತ್ತಾಯ ಮಾಡಿಲ್ಲ. ಇದು ನನ್ನದೇ ನಿರ್ಧಾರ. ಪದವಿ ಪತ್ರಗಳನ್ನು ಹಾಗೆಯೇ ಬಿಡುತ್ತೇನೆ.

ಲೆಕ್ಕದ ಮನೆ, ಹುಬ್ಬಳ್ಳಿ

ತೆರಿಗೆ ಕೆಲಸ ಮಾಡುವವಳಾಗಿ ಪ್ಯಾನ್ ಬಗ್ಗೆ ಎರಡು ಮಾತು. ಹೆಸರು ಬದಲಾದರೂ ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ. ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ, ಎರಡು ಪ್ಯಾನ್ ಇಟ್ಟುಕೊಳ್ಳುವುದು ತಪ್ಪು. ಇರುವ ಪ್ಯಾನ್‌ನ ವಿವರ ತಿದ್ದುಪಡಿಗೆ ಅರ್ಜಿ ಕೊಡಬೇಕು. ಆಧಾರ್ ಹೊಸ ಹೆಸರಿನಲ್ಲಿದ್ದರೆ ಅದರ ಆಧಾರದ ಮೇಲೆ ಕಾಗದ ಕಳುಹಿಸದೆಯೇ ಮಾಡಬಹುದು.

ಅರ್ಜಿಯಲ್ಲಿ ಹೆಣ್ಣುಮಕ್ಕಳು ಎಡವುವುದು ತಂದೆಯ ಹೆಸರಿನ ಜಾಗದಲ್ಲಿ. ಪ್ಯಾನ್ ಕಾರ್ಡಿನ ಮೇಲೆ ಮದುವೆಯ ನಂತರವೂ ತಂದೆಯ ಹೆಸರೇ ಇರುತ್ತದೆ. ಅಲ್ಲಿ ಗಂಡನ ಹೆಸರು ಬರೆದರೆ ಅರ್ಜಿ ವಾಪಸಾಗುತ್ತದೆ, ಇಲ್ಲವೇ ಕಾರ್ಡು ತಪ್ಪಾಗಿ ಬಂದು ಮತ್ತೆ ತಿದ್ದುಪಡಿ ಬೇಕಾಗುತ್ತದೆ. ಬ್ಯಾಂಕಿನ ನಮೂನೆಯಲ್ಲೂ ತಂದೆ ಮತ್ತು ಸಂಗಾತಿಗೆ ಬೇರೆ ಬೇರೆ ಜಾಗ ಇರುತ್ತದೆ.

ಪ್ಯಾನ್ ಮತ್ತು ಬ್ಯಾಂಕು ಎರಡನ್ನೂ ಹೆಚ್ಚು ಅಂತರವಿಲ್ಲದೆ ಮಾಡಿ. ಆದಾಯ ತೆರಿಗೆಯ ಮರುಪಾವತಿ ಬರಬೇಕಾದರೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಬ್ಯಾಂಕ್ ಖಾತೆ ದೃಢೀಕರಣವಾಗಿರಬೇಕು. ಪ್ಯಾನ್‌ನಲ್ಲಿ ಹೆಗಡೆ, ಬ್ಯಾಂಕಿನಲ್ಲಿ ಭಟ್ ಎಂದಿದ್ದರೆ ದೃಢೀಕರಣ ಬಿದ್ದುಹೋಗುತ್ತದೆ, ಹಣ ನಿಲ್ಲುತ್ತದೆ. ಎರಡೂ ಬದಲಾದ ಮೇಲೆ ಅಲ್ಲಿ ಲಾಗಿನ್ ಆಗಿ ಖಾತೆಯನ್ನು ಮತ್ತೊಮ್ಮೆ ದೃಢೀಕರಿಸಿ. ಎಫ್‌ಡಿ ಬಡ್ಡಿಯ ಮೇಲೆ ಕಡಿತವಾದ ತೆರಿಗೆ ಮಾತ್ರ ಪ್ಯಾನ್ ಸಂಖ್ಯೆಗೆ ಜಮಾ ಆಗುವುದರಿಂದ ಹೆಸರಿನ ವ್ಯತ್ಯಾಸದಿಂದ ಅದು ಕಳೆದುಹೋಗುವುದಿಲ್ಲ. ಆದರೆ ಅಜ್ಜಿಯ ಠೇವಣಿಯಂಥ ಹಳೆಯ ಗ್ರಾಹಕ ಸಂಖ್ಯೆಗೆ ಪ್ಯಾನ್ ಕೊಟ್ಟೇ ಇರುವುದಿಲ್ಲ. ಅಂಥಲ್ಲಿ ತೆರಿಗೆ ಕಡಿತ ಬಂದರೆ ಶೇಕಡ 20ರ ದರದಲ್ಲಿ ಬೀಳುತ್ತದೆ. 25,000 ರೂಪಾಯಿಯ ಠೇವಣಿಗೆ ಅಷ್ಟು ಬಡ್ಡಿ ಬರುವುದಿಲ್ಲ, ದೊಡ್ಡ ಮೊತ್ತ ಇಟ್ಟಿರುವವರು ಗಮನಿಸಿ.

ಶಾಲ್ಮಲೆ

ಮೇಡಂ, ಈ ನಡುವೆ ಸಂಬಳ ಬರುವುದು ನಿಲ್ಲುತ್ತದೆಯೇ? ಕಚೇರಿಯಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಸಹಿಯ ಬಗ್ಗೆಯೂ ಗೊಂದಲವಿದೆ. ನನ್ನ ಸಹಿಯ ಕೊನೆಯಲ್ಲಿ ಭಟ್ ಎಂದಿದೆ.

ಹಳೆಯ ಕೌಂಟರ್

ಸಂಬಳ ನಿಲ್ಲುವುದಿಲ್ಲ. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಮೇಲೆ, ಹೆಸರು ಬದಲಾದರೂ ಖಾತೆ ಸಂಖ್ಯೆ ಅದೇ ಇರುತ್ತದೆ. ಆದರೆ ಈಗ ಹಣ ಕಳುಹಿಸುವವರಿಗೆ ಮೊದಲೇ ಖಾತೆದಾರರ ಹೆಸರು ಕಾಣುವ ವ್ಯವಸ್ಥೆ ಬಂದಿದೆ. ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಒಂದು ಪತ್ರ ಕೊಟ್ಟಿಡಿ, ಬೇರೆ ಹೆಸರು ಕಂಡು ಅವರು ಅನುಮಾನಪಡುವುದು ತಪ್ಪುತ್ತದೆ. ಹಳೆಯ ಹೆಸರಿನ ಎಟಿಎಂ ಕಾರ್ಡೂ ನಡೆಯುತ್ತದೆ, ಬೇಕಾದಾಗ ಹೊಸದು ಪಡೆಯಿರಿ.

ಚೆಕ್ಕಿನ ವಿಷಯ ಹಾಗಲ್ಲ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಚೆಕ್ಕುಗಳು ಹಳೆಯ ಹೆಸರಿನಲ್ಲಿದ್ದರೆ ಹೆಸರು ಬದಲಿಸುವ ಮುನ್ನವೇ ಖಾತೆಗೆ ಹಾಕಿಬಿಡಿ. ಚೆಕ್ಕಿಗೆ ಇರುವುದು ಬರೆದ ದಿನಾಂಕದಿಂದ 3 ತಿಂಗಳ ಆಯಸ್ಸು.

ಸಹಿ ಬದಲಿಸಲೇಬೇಕೆಂದಿಲ್ಲ. ಬ್ಯಾಂಕಿಗೆ ಸಹಿ ಒಂದು ಮಾದರಿ ಅಷ್ಟೇ, ಅದರಲ್ಲಿ ಹೆಸರಿನ ಎಲ್ಲ ಅಕ್ಷರ ಇರಬೇಕಾಗಿಲ್ಲ. ಎಷ್ಟೋ ಜನ ಹೆಸರು ಬದಲಿಸಿ ಸಹಿಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಸಹಿಯನ್ನೂ ಬದಲಿಸುವುದಾದರೆ ಅದಕ್ಕೆ ಪ್ರತ್ಯೇಕವಾಗಿ ಬರೆದುಕೊಡಬೇಕು. ಮನೆ ಬಾಡಿಗೆಗೋ ಸಾಲಕ್ಕೋ ಮುಂದಿನ ದಿನಾಂಕ ಹಾಕಿ ಕೊಟ್ಟ ಚೆಕ್ಕುಗಳಿದ್ದರೆ ಅವು ಸಹಿ ಹೊಂದುವುದಿಲ್ಲವೆಂದು ಹಿಂತಿರುಗುತ್ತವೆ. ನನ್ನ ಸಲಹೆ ಕೇಳಿದರೆ ಸಹಿ ಮುಟ್ಟಬೇಡಿ.

ಶಾಲ್ಮಲೆ

ಸಹಿ ಹಾಗೆಯೇ ಇರಲಿ ಹಾಗಾದರೆ. ಶಿರಸಿಯ ಎರಡು ಠೇವಣಿಗಳ ಬಗ್ಗೆಯೂ ಹೇಳಿ ಸರ್. ಅಪ್ಪನಿಗೆ ಹೇಗೆ ತಿಳಿಸಬೇಕೆಂದು ಗೊತ್ತಾಗುತ್ತಿಲ್ಲ.

ಹಳೆಯ ಕೌಂಟರ್

ಜಂಟಿ ಎಫ್‌ಡಿ ರಸೀದಿಯ ಮೇಲೆ ಹಣ ಯಾರಿಗೆ ಕೊಡಬೇಕು ಎಂಬ ಸಾಲು ಇರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಅಥವಾ ಉಳಿದವರಿಗೆ ಎಂದಿದ್ದರೆ ಅವಧಿ ಮುಗಿದ ದಿನ ನಿಮ್ಮ ತಂದೆಯವರೊಬ್ಬರೇ ಹಣ ಪಡೆಯಬಹುದು, ನವೀಕರಿಸಲೂಬಹುದು. ನಿಮ್ಮ ಹೆಸರು ಭಟ್ ಇದ್ದರೂ ಹೆಗಡೆ ಇದ್ದರೂ ಅಡ್ಡಿಯಿಲ್ಲ. ಇಬ್ಬರೂ ಸೇರಿ ಎಂದಿದ್ದರೆ ನಿಮ್ಮ ಸಹಿಯೂ ಬೇಕು. ಅವಧಿಗೆ ಮುನ್ನ ಮುರಿಯಬೇಕಾದರೆ ಎರಡು ರೀತಿಯಲ್ಲೂ ಇಬ್ಬರ ಸಹಿ ಬೇಕಾಗುತ್ತದೆ.

ನಿಮ್ಮ ಆಧಾರ್ ಬರುವುದು ತಡವಾದರೆ ಅದಕ್ಕಾಗಿ ಎಫ್‌ಡಿಯನ್ನು ಅವಧಿ ಮುಗಿದ ಮೇಲೂ ಹಾಗೆಯೇ ಬಿಡಬೇಡಿ. ನವೀಕರಿಸದೆ ಬಿಟ್ಟ ಮೊತ್ತಕ್ಕೆ ಉಳಿತಾಯ ಖಾತೆಯ ದರ ಅಥವಾ ಮೊದಲಿನ ಎಫ್‌ಡಿ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಸಿಗುತ್ತದೆ. 2021ರಿಂದ ಈ ನಿಯಮ ಇದೆ. ಹಳೆಯ ಹೆಸರಿನಲ್ಲೇ ನವೀಕರಿಸಲಿ. ಮುಂದೆ ನಿಮ್ಮ ಗ್ರಾಹಕ ಸಂಖ್ಯೆಯಲ್ಲಿ ಹೆಸರು ಬದಲಾದಾಗ ಗಣಕದಲ್ಲಿ ಅದೂ ಬದಲಾಗುತ್ತದೆ. ಕೈಯಲ್ಲಿರುವ ರಸೀದಿಯ ಮೇಲೆ ಮಾತ್ರ ಹಳೆಯ ಹೆಸರು ಉಳಿದಿರುತ್ತದೆ. ಅದನ್ನು ಶಾಖೆಗೆ ಕೊಟ್ಟು ಹೊಸ ಮುದ್ರಿತ ಪ್ರತಿ ಪಡೆಯಿರಿ. ಆ ಪ್ರತಿಯಲ್ಲಿ ನಾಮನಿರ್ದೇಶನ ನೋಂದಣಿಯಾಗಿದೆ ಎಂಬ ಸಾಲು ಉಳಿದಿದೆಯೇ ಎಂದು ನೋಡಿ.

ಅಜ್ಜಿಯ ಠೇವಣಿಗೆ ಎರಡು ಕೆಲಸ ಬಾಕಿ ಇದೆ. ನಿಮಗೆ 18 ತುಂಬಿದ್ದನ್ನು ಬ್ಯಾಂಕಿಗೆ ತಿಳಿಸಿಯೇ ಇಲ್ಲ, ದಾಖಲೆಯಲ್ಲಿ ನಿಮ್ಮ ತಂದೆ ಇನ್ನೂ ಪಾಲಕರಾಗಿಯೇ ಇದ್ದಾರೆ. ಮೊದಲು ಅದನ್ನು ಹಳೆಯ ಹೆಸರಿನಲ್ಲೇ ಮುಗಿಸಿ. ಜನನ ಪ್ರಮಾಣಪತ್ರ, ಶಾಲೆಯ ಅಂಕಪಟ್ಟಿ, ಈಗಿನ ಆಧಾರ್, ಪ್ಯಾನ್ ಎಲ್ಲವೂ ಒಂದೇ ಹೆಸರಿನಲ್ಲಿರುವಾಗ ಈ ಕೆಲಸ ಸಲೀಸು. ತಂದೆಯವರು ಜೊತೆಗೆ ಬಂದು ನಿಮ್ಮ ಸಹಿಯನ್ನು ದೃಢೀಕರಿಸಲಿ. ಅದೇ ದಿನ, ನನ್ನ ಎರಡು ಗ್ರಾಹಕ ಸಂಖ್ಯೆಗಳನ್ನು ಒಂದಾಗಿಸಿ ಎಂದು ಎರಡೂ ಸಂಖ್ಯೆ ಬರೆದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ಹೆಸರು ಬದಲಾವಣೆ ಒಂದೇ ಸಂಖ್ಯೆಯಲ್ಲಿ ಮುಗಿಯುತ್ತದೆ. ಅಂದರೆ ಆಧಾರ್ ಬದಲಿಸುವ ಮುನ್ನವೇ ಶಿರಸಿಗೆ ಹೋಗಿ ಬನ್ನಿ.

ಲೆಕ್ಕದ ಮನೆ, ಹುಬ್ಬಳ್ಳಿ

ಇದು ಒಳ್ಳೆಯ ಮಾತು. ನಮ್ಮಲ್ಲಿಗೆ ಬರುವವರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡಿರುತ್ತಾರೆ. ಹೊಸ ಹೆಸರಿನ ದಾಖಲೆ ಹಿಡಿದು ಬಾಲ್ಯದ ಇನಿಷಿಯಲ್ ಹೆಸರಿನ ಠೇವಣಿ ಕೇಳಿದರೆ ಶಾಖೆಯವರಿಗೆ ಎರಡು ಹೆಸರಿನ ನಡುವೆ ಒಂದೂ ಕೊಂಡಿ ಕಾಣುವುದಿಲ್ಲ.

ರಸೀದಿ ಕಳೆದುಹೋಗಿ ಯಾವ ಬ್ಯಾಂಕು ಎಂದೇ ನೆನಪಿಲ್ಲದವರು ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಹುಡುಕಬಹುದು. 10 ವರ್ಷ ಯಾರೂ ಕೇಳದ ಠೇವಣಿಗಳ ವಿವರ ಅಲ್ಲಿರುತ್ತದೆ. ಹುಡುಕುವಾಗ ತವರಿನ ಹೆಸರು, ಇನಿಷಿಯಲ್ ಇರುವ ಹೆಸರು, ಎರಡನ್ನೂ ಹಾಕಿ ನೋಡಿ.

ಲತಾ ಹೊಸಪೇಟೆ

ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಹಳೆಯ ಕೌಂಟರ್

ಕ್ಷಮಿಸಿ ತಾಯಿ. ನಿಮ್ಮ ಅತ್ತೆಯವರ ವಿಷಯದಲ್ಲಿ ಪಾಸ್‌ಬುಕ್ಕಿನ ಹೆಸರಿನಿಂದಲೇ ಹಣ ನಿಂತಿದೆ ಎಂದು ಮೊದಲೇ ತೀರ್ಮಾನಿಸಬೇಡಿ. ಆ ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಆ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎನ್ನುವುದು ಎನ್‌ಪಿಸಿಐ ಪಟ್ಟಿಯಲ್ಲಿರುತ್ತದೆ. ನಡುವೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಿಸಿದ್ದರೆ ಹಣ ಅಲ್ಲಿಗೆ ಹೋಗುತ್ತಿರಬಹುದು. ಮೊದಲು ಅದನ್ನು ನೋಡಿಸಿ. ಪಡಿತರ ಚೀಟಿಗೂ ಆಧಾರ್‌ಗೂ ಹೆಸರು ಹೊಂದದಿದ್ದರೆ ಆ ತಿದ್ದುಪಡಿ ಬ್ಯಾಂಕಿನದಲ್ಲ, ಆಹಾರ ಇಲಾಖೆಯಲ್ಲಿ ಆಗಬೇಕು. ವಿವಾಹ ನೋಂದಣಿಯನ್ನು ಎಷ್ಟೋ ವರ್ಷದ ನಂತರವೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಬಹುದು, ಮಾವನವರೂ ಸಾಕ್ಷಿಗಳೂ ಹೋಗಬೇಕಾಗುತ್ತದೆ.

ಮರಳುಗಾಡಿನ ಕನ್ನಡಿಗ

ನಾವು ದುಬೈಯಲ್ಲಿದ್ದೇವೆ. ನನ್ನ ಪತ್ನಿಯ ಪಾಸ್‌ಪೋರ್ಟು ಹೊಸ ಹೆಸರಿನಲ್ಲಿ ಬಂದಿದೆ, ಮಂಗಳೂರಿನ ಖಾತೆ ಹಳೆಯ ಹೆಸರಿನಲ್ಲಿದೆ. ಊರಿಗೆ ಬರದೆಯೇ ಬದಲಿಸಬಹುದೇ?

ಹಳೆಯ ಕೌಂಟರ್

ಮೊದಲು ಒಂದು ಪ್ರಶ್ನೆ. ಆ ಖಾತೆ ಇನ್ನೂ ಸಾಮಾನ್ಯ ಉಳಿತಾಯ ಖಾತೆಯಾಗಿಯೇ ಇದೆಯೇ? ವಿದೇಶದಲ್ಲಿ ನೆಲೆಸಿದ ಮೇಲೆ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಎರಡೂ ಕೆಲಸವನ್ನು ಒಟ್ಟಿಗೆ ಮಾಡಿಸುವುದು ಒಳ್ಳೆಯದು. ಅಲ್ಲಿಂದಲೇ ದೃಢೀಕರಿಸಿ ಕಳುಹಿಸಿದ ಕಾಗದವನ್ನು ನಿಮ್ಮ ಬ್ಯಾಂಕು ಹೆಸರು ಬದಲಾವಣೆಗೂ ಒಪ್ಪುತ್ತದೆಯೇ ಎನ್ನುವುದನ್ನು ಶಾಖೆಗೆ ಮಿಂಚಂಚೆ ಬರೆದು ಲಿಖಿತ ಉತ್ತರ ಪಡೆಯಿರಿ. ಬ್ಯಾಂಕಿನಿಂದ ಬ್ಯಾಂಕಿಗೆ ಪದ್ಧತಿ ಬೇರೆ.

ಶಾಲ್ಮಲೆ

ಮುಂದೇನಾಯಿತು ಎಂದು ಹೇಳುತ್ತೇನೆ. ಅಪ್ಪನ ಜೊತೆ ಶಿರಸಿ ಶಾಖೆಗೆ ಹೋದೆ. ಅಜ್ಜಿಯ ಠೇವಣಿ ಪ್ರತಿ ಬಾರಿಯೂ ತಾನಾಗಿ ನವೀಕರಣವಾಗುತ್ತಾ ಬಂದಿತ್ತು. ಪ್ರಾಪ್ತ ವಯಸ್ಸಿನ ದಾಖಲೆ ಮುಗಿಯಿತು, ಸಂಖ್ಯೆ ಒಂದಾಗಿಸುವ ಅರ್ಜಿಯನ್ನೂ ಪಡೆದುಕೊಂಡರು. ಜಂಟಿ ಎಫ್‌ಡಿಯಲ್ಲಿ ನನ್ನ ಹೆಸರು ಸಂಬಳದ ಖಾತೆಯ ಸಂಖ್ಯೆಗೇ ಸೇರಿದೆ ಎಂದು ಪರದೆಯಲ್ಲಿ ತೋರಿಸಿದರು. ಅಪ್ಪ ಅದನ್ನು ಒಂದು ವರ್ಷಕ್ಕೆ ನವೀಕರಿಸಲು ಬರೆದುಕೊಟ್ಟರು.

ಆಮೇಲೆ ಆಧಾರ್ ಮಾಡಿಸಿದೆ. ಆಧಾರ್ ಕೇಂದ್ರದಲ್ಲಿ ನನ್ನ ಹಳೆಯ ಗುರುತಿನ ಚೀಟಿ ಮತ್ತು ಯಜಮಾನರ ಪೂರ್ತಿ ಹೆಸರಿರುವ ವಿವಾಹ ಪ್ರಮಾಣಪತ್ರವನ್ನು ಒಪ್ಪಿದರು. ಪ್ಯಾನ್ ಕೂಡ ಬಂತು. ಆದರೆ ಬೆಂಗಳೂರಿನ ಶಾಖೆಯಲ್ಲಿ ಈಗ ಪತ್ರಿಕಾ ಪ್ರಕಟಣೆಯೂ ಬೇಕು ಎನ್ನುತ್ತಿದ್ದಾರೆ.

ಹಳೆಯ ಕೌಂಟರ್

ಹೊಸ ಹೆಸರಿನ ಆಧಾರ್, ಪ್ಯಾನ್, ಅವೆರಡಕ್ಕೂ ಹಳೆಯ ಹೆಸರಿಗೂ ಕೊಂಡಿಯಾದ ವಿವಾಹ ಪ್ರಮಾಣಪತ್ರ ಇಷ್ಟಿದ್ದ ಮೇಲೆ ಅದರ ಅಗತ್ಯವಿಲ್ಲ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರ ಕೊಡಬೇಡಿ. ಅರ್ಜಿಯನ್ನು ಪ್ರತಿಗಳೊಂದಿಗೆ ಕೊಟ್ಟು ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಪ್ರಕಟಣೆ ಬೇಕಿದ್ದರೆ ಯಾವ ನಿಯಮದಂತೆ ಎಂದು ಬರೆದುಕೊಡಲು ಕೇಳಿ. ದಾಖಲೆ ಬದಲಾದ 30 ದಿನದೊಳಗೆ ಗ್ರಾಹಕರು ಬ್ಯಾಂಕಿಗೆ ತಿಳಿಸಬೇಕೆಂಬ ನಿಯಮವಿದೆ, ಅದನ್ನೇ ಅರ್ಜಿಯಲ್ಲಿ ಉಲ್ಲೇಖಿಸಿ. ಆಮೇಲೂ ಆಗದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ `cms.rbi.org.in` ಮೂಲಕ ದೂರು ಕೊಡಬಹುದು, ಶುಲ್ಕವಿಲ್ಲ.

ಶಾಲ್ಮಲೆ

ಅರ್ಜಿಗೆ ಮುದ್ರೆ ಕೇಳಿದ ಕೂಡಲೇ ಒಳಗಿನಿಂದ ಇನ್ನೊಬ್ಬ ಅಧಿಕಾರಿ ಬಂದು ಕಾಗದಗಳನ್ನು ನೋಡಿದರು. ಪ್ರಕಟಣೆಯ ಮಾತು ಅಲ್ಲಿಗೇ ನಿಂತಿತು. ಸಂಬಳದ ಖಾತೆ, ಆರ್‌ಡಿ, ಜಂಟಿ ಎಫ್‌ಡಿ ಮೂರರಲ್ಲೂ ಹೆಗಡೆ ಎಂದು ಬಂದಿದೆ. ಅಜ್ಜಿಯ ಠೇವಣಿ ಇನ್ನೂ ಹಳೆಯ ಸಂಖ್ಯೆಯಲ್ಲೇ ಇದೆ, ಒಂದಾಗಿಸುವ ಕೆಲಸ ಮುಖ್ಯ ಕಚೇರಿಯಲ್ಲಿ ಬಾಕಿ ಇದೆಯಂತೆ. ಸಹಕಾರ ಸಂಘದವರು ಮುಂದಿನ ಆಡಳಿತ ಮಂಡಳಿಯ ಸಭೆಗೆ ಇಡುತ್ತೇವೆ ಎಂದಿದ್ದಾರೆ.

ಇನ್ನೊಂದು ಪ್ರಶ್ನೆ. ನನ್ನ ಎಲ್ಲ ಖಾತೆಗೂ ಅಮ್ಮ ನಾಮಿನಿ. ಮದುವೆಯಾದ ಮೇಲೆ ಅದು ತಾನಾಗಿ ರದ್ದಾಗುತ್ತದೆಯೇ?

ಲೆಕ್ಕದ ಮನೆ, ಹುಬ್ಬಳ್ಳಿ

ಬ್ಯಾಂಕ್ ಠೇವಣಿಗಳಲ್ಲಿ ರದ್ದಾಗುವುದಿಲ್ಲ. ನೀವಾಗಿ ಬದಲಿಸುವವರೆಗೆ ಅಮ್ಮನೇ ಇರುತ್ತಾರೆ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮನಿರ್ದೇಶನಕ್ಕೆ ಅವಕಾಶ ಬಂದಿರುವುದರಿಂದ ಅಮ್ಮನನ್ನೂ ಯಜಮಾನರನ್ನೂ ಪಾಲು ನಮೂದಿಸಿ ಸೇರಿಸಬಹುದು. ಪಿಎಫ್ ಮಾತ್ರ ಬೇರೆ. ಮದುವೆಯಾದ ಮೇಲೆ ಅಲ್ಲಿ ನಾಮನಿರ್ದೇಶನವನ್ನು ಹೊಸದಾಗಿ ಮಾಡಿ. ನಿಮ್ಮ ತಂದೆ ತಾಯಿಯ ಖಾತೆಗಳಲ್ಲಿ ನೀವು ನಾಮಿನಿಯಾಗಿದ್ದರೆ ಅಲ್ಲಿ ಇನ್ನೂ ಭಟ್ ಎಂದೇ ಇರುತ್ತದೆ. ಅದನ್ನು ಅವರೇ ಬದಲಿಸಬೇಕು, ನೀವು ಅರ್ಜಿ ಕೊಟ್ಟರೆ ಆಗುವುದಿಲ್ಲ.

ಶಾಲ್ಮಲೆ

ಅದು ಹೊಳೆದೇ ಇರಲಿಲ್ಲ ಮೇಡಂ. ಅಪ್ಪನಿಗೆ ಇಂದೇ ಫೋನು ಮಾಡಿ ಹೇಳುತ್ತೇನೆ. ವಿವಾಹ ಪ್ರಮಾಣಪತ್ರದ ದೃಢೀಕೃತ ಪ್ರತಿಯೊಂದನ್ನೂ ಅವರ ಹತ್ತಿರ ಕೊಟ್ಟಿಡುತ್ತೇನೆ.